‘ಯಾರೋ’ ಬೇರೆ, ‘ಯಾರೇ ಆಗಲಿ’ ಬೇರೆ

ಪಕ್ಕದ ಮನೆಯ ಹುಡುಗಿ ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಮೊನ್ನೆ ಸಂಜೆ ಡಿಸ್ಕ್ರೀಟ್ ಮ್ಯಾಥ್ಸ್ ಟೆಸ್ಟ್ ಪೇಪರ್ ಹಿಡ್ಕೊಂಡು ಬಂದಳು. ಮುಖ ಸಪ್ಪಗಿತ್ತು. “ಅಂಕಲ್, ಪ್ರತಿ ಸ್ಟೆಪ್ಪಿಗೂ ರೂಲ್ ಹೆಸರು ಬರ್ದಿದ್ದೀನಿ. ಆದ್ರೂ ಸೊನ್ನೆ ಹಾಕಿದ್ದಾರೆ ನೋಡಿ” ಅಂದಳು.

ಪ್ರಶ್ನೆ ಹೀಗಿತ್ತು. ಅಪಾರ್ಟ್‌ಮೆಂಟಿನ ಕೆಲವು ಬಾಡಿಗೆದಾರರು ಸಂಘದ ಸದಸ್ಯರು. ಕೆಲವು ಸದಸ್ಯರು ನಾಯಿ ಸಾಕಿದ್ದಾರೆ. ಆದ್ದರಿಂದ ಕೆಲವು ಬಾಡಿಗೆದಾರರು ನಾಯಿ ಸಾಕಿದ್ದಾರೆ. ಈ ವಾದ ಸರಿಯೇ, ಪರೀಕ್ಷಿಸಿ.

ಬಾಡಿಗೆದಾರರಿಗೆ B, ಸದಸ್ಯರಿಗೆ S, ನಾಯಿ ಸಾಕಿದವರಿಗೆ N ಅಂತ ಇಟ್ಟುಕೊಂಡು ಅವಳು ಬರೆದ ಉತ್ತರ ಇದು. `∃` ಅಂದರೆ ‘ಯಾರೋ ಒಬ್ಬರಿದ್ದಾರೆ’, `∧` ಅಂದರೆ ‘ಮತ್ತು’:

```
1. ∃x (B(x) ∧ S(x))    ಆಧಾರ
2. ∃x (S(x) ∧ N(x))    ಆಧಾರ
3. B(a) ∧ S(a)         1, EI
4. S(a) ∧ N(a)         2, EI
5. B(a) ∧ N(a)         3, 4
6. ∃x (B(x) ∧ N(x))    5, EG
```

ನೋಡೋಕೆ ಅಚ್ಚುಕಟ್ಟಾಗಿದೆ. ಆದರೆ ಮೇಷ್ಟ್ರು 4ನೇ ಸಾಲಿನ `a` ಸುತ್ತ ಕೆಂಪು ಇಂಕಿನಲ್ಲಿ ಒಂದು ಸೊನ್ನೆ ಸುತ್ತಿದ್ದರು, ಅಷ್ಟೇ. ಒಂದು ಮಾತೂ ಬರೆದಿರಲಿಲ್ಲ. ಆ ಒಂದು ಅಕ್ಷರದಲ್ಲಿ ಏನು ತಪ್ಪಾಯಿತು ಅಂತ ಅವಳಿಗೆ ವಿವರಿಸುತ್ತಾ ಹೋದಾಗ, ಈ ತರ್ಕದ ಪಾಠದ ಮುಕ್ಕಾಲು ಭಾಗ ಅಲ್ಲೇ ಇದೆ ಅನ್ನಿಸಿತು.

ಮೊದಲು ವಾದವೇ ತಪ್ಪು ಅನ್ನೋದನ್ನ ಕಣ್ಣಾರೆ ನೋಡೋಣ. ಇಬ್ಬರೇ ಇರುವ ಒಂದು ಅಪಾರ್ಟ್‌ಮೆಂಟ್ ಊಹಿಸಿಕೊಳ್ಳಿ. ರಾಜಣ್ಣ ಬಾಡಿಗೆಗಿದ್ದಾರೆ, ಸಂಘದ ಸದಸ್ಯರೂ ಹೌದು, ನಾಯಿ ಇಲ್ಲ. ಶಾಂತಕ್ಕ ಸ್ವಂತ ಮನೆಯವರು, ಸದಸ್ಯರು, ಒಂದು ನಾಯಿ ಸಾಕಿದ್ದಾರೆ. ಮೊದಲನೇ ಆಧಾರ ರಾಜಣ್ಣನಿಂದ ನಿಜ. ಎರಡನೆಯದು ಶಾಂತಕ್ಕನಿಂದ ನಿಜ. ನಾಯಿ ಸಾಕಿದ ಬಾಡಿಗೆದಾರ ಮಾತ್ರ ಒಬ್ಬರೂ ಇಲ್ಲ. ಆಧಾರಗಳು ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವ ಇಂಥ ಒಂದೇ ಒಂದು ಲೋಕ ಸಿಕ್ಕರೆ ಸಾಕು, ವಾದ ಬಿದ್ದ ಹಾಗೆ.

ಹಾಗಾದರೆ ಅವಳ ಸಾಧನೆ ಇಬ್ಬರನ್ನೂ ಹೇಗೆ ಒಬ್ಬರನ್ನಾಗಿ ಮಾಡಿಬಿಟ್ಟಿತು? 3ನೇ ಸಾಲಿನಲ್ಲಿ ಯಾರೋ ಒಬ್ಬ ಬಾಡಿಗೆದಾರ ಸದಸ್ಯನಿಗೆ `a` ಅಂತ ಹೆಸರಿಟ್ಟಳು. 4ನೇ ಸಾಲಿನಲ್ಲಿ ಯಾರೋ ಒಬ್ಬ ನಾಯಿ ಸಾಕಿದ ಸದಸ್ಯನಿಗೂ ಅದೇ ಹೆಸರು ಕೊಟ್ಟಳು. ಪೊಲೀಸ್ ಠಾಣೆಯಲ್ಲಿ ‘ಯಾರೋ ಅಪರಿಚಿತ ವ್ಯಕ್ತಿ ಬೈಕ್ ಕದ್ದಿದ್ದಾನೆ’ ಅಂತ ಒಂದು ದೂರು, ‘ಯಾರೋ ಅಪರಿಚಿತ ವ್ಯಕ್ತಿ ಸರ ಕಿತ್ತಿದ್ದಾನೆ’ ಅಂತ ಇನ್ನೊಂದು ದೂರು ಬಂದಿದೆ ಅಂದ್ಕೊಳ್ಳಿ. ಎರಡರಲ್ಲೂ ‘ಅಪರಿಚಿತ’ ಅಂತಲೇ ಇದೆ ಅಂದಮಾತ್ರಕ್ಕೆ ಕದ್ದವನೇ ಕಿತ್ತವನು ಅನ್ನೋಕೆ ಆಗುತ್ತಾ? ಇವನನ್ನು ಒಂದನೇ ಅಪರಿಚಿತ ಅನ್ನಬೇಕು, ಅವನನ್ನು ಎರಡನೇ ಅಪರಿಚಿತ ಅನ್ನಬೇಕು. ಮುಂದೆ ಒಬ್ಬನೇ ಅಂತ ಗೊತ್ತಾದರೆ ಆಗ ಸೇರಿಸಬಹುದು, ಮೊದಲೇ ಅಲ್ಲ.

ಇದೇ ಇಐ, ಅಂದರೆ ಎಕ್ಸಿಸ್ಟೆನ್ಶಿಯಲ್ ಇನ್‌ಸ್ಟಾನ್ಶಿಯೇಶನ್ ನಿಯಮದ ಷರತ್ತು. ‘ಯಾರೋ ಒಬ್ಬರಿದ್ದಾರೆ’ ಅನ್ನುವ ಸಾಲಿನಿಂದ ಹೆಸರಿಗೆ ಇಳಿಯುವಾಗ ಆ ಹೆಸರು ಹೊಚ್ಚ ಹೊಸದಾಗಿರಬೇಕು. ಆಧಾರಗಳಲ್ಲಿ ಇರಬಾರದು, ಹಿಂದಿನ ಯಾವ ಸಾಲಿನಲ್ಲೂ ಬಂದಿರಬಾರದು, ಕೊನೆಯ ತೀರ್ಮಾನದಲ್ಲೂ ಉಳಿಯಬಾರದು. 4ನೇ ಸಾಲಿನಲ್ಲಿ `b` ಅಂತ ಬರೆದಿದ್ದರೆ `B(a)`, `N(b)` ಎರಡೂ ಬೇರೆ ಬೇರೆಯಾಗಿ ನಿಲ್ಲುತ್ತಿದ್ದವು. ಸಾಧನೆ ಅಲ್ಲೇ ಸ್ಥಗಿತ ಆಗುತ್ತಿತ್ತು. ಆಗಬೇಕಾದ್ದೂ ಅದೇ.

ಒಟ್ಟು ನಿಯಮ ನಾಲ್ಕು. ಎರಡು ಇಳಿಯುವವು, ಎರಡು ಹತ್ತುವವು. ‘ಎಲ್ಲರೂ’ ಅನ್ನುವುದರಿಂದ ಒಂದು ಹೆಸರಿಗೆ ಇಳಿಯುವುದು ಯುಐ, ಅಂದರೆ ಯೂನಿವರ್ಸಲ್ ಇನ್‌ಸ್ಟಾನ್ಶಿಯೇಶನ್. ‘ಯಾರೋ’ ಅನ್ನುವುದರಿಂದ ಹೆಸರಿಗೆ ಇಳಿಯುವುದು ಇಐ. ಹೆಸರಿನಿಂದ ‘ಯಾರೋ ಒಬ್ಬರಿದ್ದಾರೆ’ ಅನ್ನುವುದಕ್ಕೆ ಹತ್ತುವುದು ಇಜಿ, ಅಂದರೆ ಎಕ್ಸಿಸ್ಟೆನ್ಶಿಯಲ್ ಜನರಲೈಸೇಶನ್. ಹೆಸರಿನಿಂದ ‘ಎಲ್ಲರೂ’ ಅನ್ನುವುದಕ್ಕೆ ಹತ್ತುವುದು ಯುಜಿ, ಅಂದರೆ ಯೂನಿವರ್ಸಲ್ ಜನರಲೈಸೇಶನ್. ನಮ್ಮ ಕಡೆ ಕೆಲವು ಪಠ್ಯಪುಸ್ತಕಗಳು ಇನ್‌ಸ್ಟಾನ್ಶಿಯೇಶನ್ ಬದಲು ಸ್ಪೆಸಿಫಿಕೇಶನ್ ಅನ್ನುತ್ತವೆ. ವಿಷಯ ಒಂದೇ, ಗಾಬರಿ ಬೇಡ.

ಇವುಗಳಲ್ಲಿ ಯುಐ ಮತ್ತು ಇಜಿ ಸಾಧು ಪ್ರಾಣಿಗಳು. ಎಲ್ಲರಿಗೂ ಅನ್ವಯಿಸುವ ಮಾತು ಯಾವ ಹೆಸರಿಗಾದರೂ ಅನ್ವಯಿಸುತ್ತದೆ, ಹಳೆಯದಿರಲಿ ಹೊಸದಿರಲಿ. ಒಬ್ಬರ ಬಗ್ಗೆ ನಿಜವಾದ ಮಾತು ಕೈಯಲ್ಲಿದ್ದರೆ ‘ಅಂಥವರೊಬ್ಬರಿದ್ದಾರೆ’ ಅನ್ನೋದರಲ್ಲಿ ಮೋಸವಿಲ್ಲ. ಷರತ್ತು ಕೇಳುವುದು ಇನ್ನೆರಡು, ಇಐ ಮತ್ತು ಯುಜಿ. ಆ ಎರಡರಲ್ಲೂ ನಾವು ಒಂದು ಸುಳ್ಳು ಹೆಸರು ಬಳಸುತ್ತೇವೆ, ಆದರೆ ಬೇರೆ ಬೇರೆ ಕಾರಣಕ್ಕೆ.

ಇಲ್ಲಿ ಕನ್ನಡ ನಮಗೆ ಚೆನ್ನಾಗಿ ಕೈ ಹಿಡಿಯುತ್ತದೆ. ‘ಯಾರೋ’ ಅಂದರೆ ಒಬ್ಬರಿದ್ದಾರೆ, ಯಾರು ಅಂತ ಗೊತ್ತಿಲ್ಲ. ಆರಿಸಿದ್ದು ನಾನಲ್ಲ, ಅವರ ಬಗ್ಗೆ ಆಧಾರ ಹೇಳಿದಷ್ಟೇ ನನಗೆ ಗೊತ್ತು. ‘ಯಾರೇ ಆಗಲಿ’ ಅಂದರೆ ಯಾರನ್ನಾದರೂ ತನ್ನಿ, ನನ್ನ ಮಾತು ಅವರಿಗೆ ನಿಲ್ಲುತ್ತದೆ ಅಂತ ಸವಾಲು. ಇಐ ಕೊಡುವುದು ‘ಯಾರೋ’ ಹೆಸರು. ಯುಜಿ ಕೇಳುವುದು ‘ಯಾರೇ ಆಗಲಿ’ ಹೆಸರು. ಎರಡನ್ನೂ ಹಾಳೆಯ ಮೇಲೆ `a`, `b`, `c` ಅಂತಲೇ ಬರೆಯುತ್ತೇವಲ್ಲ, ಗೊಂದಲ ಹುಟ್ಟೋದೇ ಅಲ್ಲಿ. ಬರೆಯುವಾಗ ಪಕ್ಕದಲ್ಲಿ ‘ಯಾರೋ’, ‘ಯಾರೇ ಆಗಲಿ’ ಅಂತ ಸಣ್ಣದಾಗಿ ಗುರುತು ಹಾಕಿಕೊಂಡರೆ ತಪ್ಪುವುದು ಕಷ್ಟ. ನಾನಂತೂ ಈಗಲೂ ಹಾಕಿಕೊಳ್ಳುತ್ತೇನೆ.

ಈಗ ಸರಿಯಾದ ಒಂದು ವಾದ. ಸದಸ್ಯರೆಲ್ಲ ಮೆಂಟೆನೆನ್ಸ್ ಕಟ್ಟಿದ್ದಾರೆ. ಕೆಲವು ಬಾಡಿಗೆದಾರರು ಸದಸ್ಯರು. ಆದ್ದರಿಂದ ಕೆಲವು ಬಾಡಿಗೆದಾರರು ಮೆಂಟೆನೆನ್ಸ್ ಕಟ್ಟಿದ್ದಾರೆ. ಕಟ್ಟಿದವರಿಗೆ K ಅಂತಿರಲಿ. `∀` ಅಂದರೆ ‘ಎಲ್ಲರೂ’, `→` ಅಂದರೆ ‘ಆಗಿದ್ದರೆ’.

```
1. ∀x (S(x) → K(x))    ಆಧಾರ
2. ∃x (B(x) ∧ S(x))    ಆಧಾರ
3. B(a) ∧ S(a)         2, EI  (a ಹೊಸದು, ‘ಯಾರೋ’)
4. S(a) → K(a)         1, UI
5. S(a)                3
6. K(a)                4, 5
7. B(a) ∧ K(a)         3, 6
8. ∃x (B(x) ∧ K(x))    7, EG
```

3 ಮತ್ತು 4ರ ಕ್ರಮ ಗಮನಿಸಿ. ಮೊದಲ ಆಧಾರ ಮೇಲಿದೆ ಅಂತ ಸುಮ್ನೆ ಅದನ್ನೇ ಮೊದಲು ಬಿಡಿಸಿ `S(a) → K(a)` ಬರೆದಿದ್ದರೆ `a` ಹಳೆಯ ಹೆಸರಾಗಿಬಿಡುತ್ತಿತ್ತು. ಆಮೇಲೆ ಇಐಗೆ ಅದನ್ನು ಕೊಡುವ ಹಾಗಿಲ್ಲ. `b` ಕೊಡಬೇಕು, ಆಗ ಯುಐ ಮತ್ತೊಮ್ಮೆ ಮಾಡಬೇಕು. ಅದಕ್ಕೇ ‘ಯಾರೋ’ಗೆ ಮೊದಲು ಹೆಸರಿಡು, ‘ಎಲ್ಲರೂ’ ಆಮೇಲೆ ಅನ್ನೋದು ಪರೀಕ್ಷೆ ಬರೆಯುವವರ ರೂಢಿ. ‘ಎಲ್ಲರೂ’ ಎಲ್ಲಿಗೂ ಓಡಿಹೋಗಲ್ಲ. ಯಾವ ಹೆಸರು ಬಂದರೂ ಅದಕ್ಕೆ ಹೊಂದಿಕೊಳ್ಳುತ್ತದೆ.

5ನೇ ಸಾಲೂ ಮುಖ್ಯ. ಯುಐ ಕೊಟ್ಟಿದ್ದು ‘a ಸದಸ್ಯನಾಗಿದ್ದರೆ ಕಟ್ಟಿದ್ದಾನೆ’ ಅಂತ ಮಾತ್ರ. ಅವನು ಸದಸ್ಯ ಅಂತ ಹೇಳಿದ್ದು ಎರಡನೇ ಆಧಾರ. ಅದಿಲ್ಲದೆ ಹೋಗಿದ್ದರೆ ‘ಸದಸ್ಯರೆಲ್ಲ ಕಟ್ಟಿದ್ದಾರೆ’ ಅನ್ನುವುದರಿಂದ ‘ಕಟ್ಟಿದ ಸದಸ್ಯ ಒಬ್ಬನಿದ್ದಾನೆ’ ಅಂತ ಸಾಧಿಸಲು ಆಗುವುದಿಲ್ಲ. ಸಂಘಕ್ಕೆ ಒಬ್ಬ ಸದಸ್ಯನೂ ಇಲ್ಲದಿದ್ದರೂ ಆ ಮಾತು ತರ್ಕದ ಲೆಕ್ಕದಲ್ಲಿ ನಿಜವೇ. ನನ್ನ ಮನೆಯ ಆನೆಗಳೆಲ್ಲ ಬಿಳಿ ಬಣ್ಣದವು ಅಂತ ನಾನು ಧೈರ್ಯವಾಗಿ ಹೇಳಬಹುದು, ಅಲ್ವಾ? ಸುಳ್ಳು ಅಂತ ತೋರಿಸಲು ನಿಮಗೆ ನನ್ನ ಮನೆಯಲ್ಲಿ ಒಂದು ಕಪ್ಪು ಆನೆ ಸಿಗಬೇಕು.

ಇನ್ನೊಂದು ಗುಂಡಿ ಕನ್ನಡದಲ್ಲೇ ಇದೆ. ನೋಟೀಸ್ ಬೋರ್ಡಿನಲ್ಲಿ ‘ಎಲ್ಲರೂ ಮೆಂಟೆನೆನ್ಸ್ ಕಟ್ಟಿಲ್ಲ’ ಅಂತ ಬರೆದರೆ ಅರ್ಥವೇನು? ಒಬ್ಬರೂ ಕಟ್ಟಿಲ್ಲ ಅಂತಲೋ, ಕೆಲವರು ಬಾಕಿ ಇದ್ದಾರೆ ಅಂತಲೋ? ಮಾತಿನಲ್ಲಾದರೆ ಒತ್ತು ನೋಡಿ ತಿಳಿಯುತ್ತೇವೆ. ಬರಹದಲ್ಲಿ ಎರಡೂ ಆಗಬಹುದು. ಚಿಹ್ನೆಯಲ್ಲಿ ಮೊದಲನೆಯದು `∀x ¬K(x)`, ಎರಡನೆಯದು `¬∀x K(x)`. ಮೊದಲನೆಯದಕ್ಕೆ ಯುಐ ಹಾಕಿ `¬K(a)` ಅಂತ ಇಳಿಯಬಹುದು. ಎರಡನೆಯದಕ್ಕೆ ಹಾಗೆ ಮಾಡಿದರೆ ತಪ್ಪು. ಕೆಲವರು ಕಟ್ಟಿಲ್ಲ ಅಂತ ಸಿಕ್ಕ ಸಿಕ್ಕವರ ಮನೆಗೆ ಹೋಗಿ ‘ನೀವು ಕಟ್ಟಿಲ್ಲ’ ಅಂದ ಹಾಗೆ. ಈ ನಿಯಮಗಳೆಲ್ಲ ಇಡೀ ಸಾಲಿನ ಮೇಲೆ ಕೆಲಸ ಮಾಡುತ್ತವೆ. `∀` ಸಾಲಿನ ತಲೆಯಲ್ಲೇ ಕೂತು, ಉಳಿದ ಸಾಲೆಲ್ಲ ಅದರ ಹಿಡಿತದಲ್ಲಿರಬೇಕು. ಅದರ ಮುಂದೆ ‘ಅಲ್ಲ’ ಇದ್ದರೆ ಮೊದಲು ಅದನ್ನು `∃x ¬K(x)` ಅಂತ ತಿರುಗಿಸಬೇಕು. ಆಮೇಲೆ ಇಐ, ಹೊಸ ಹೆಸರು.

ಇಷ್ಟು ಇಐ ಕಥೆ. ಯುಜಿ ಕಥೆ ಇನ್ನೂ ಸ್ವಲ್ಪ ಸೂಕ್ಷ್ಮ. ಅದಕ್ಕೆ ಬೀಗ ಮತ್ತು ಕೀ ಉದಾಹರಣೆ ನನಗೆ ಇಷ್ಟ.

ಪ್ರತಿ ಬೀಗಕ್ಕೂ ಒಂದು ಕೀ ಇದೆ. ಆದ್ದರಿಂದ ಎಲ್ಲ ಬೀಗಕ್ಕೂ ಆಗುವ ಒಂದು ಕೀ ಇದೆ. ಹೀಗೆ ಬಿಡಿಸಿ ಹೇಳಿದರೆ ಯಾರೂ ಒಪ್ಪಲ್ಲ. ಬೀರುವಿನ ಕೀ ಬೀರುವಿಗೆ, ಬಾಗಿಲಿನ ಕೀ ಬಾಗಿಲಿಗೆ. ಆದರೆ ಹಾಳೆಯ ಮೇಲೆ ಎಷ್ಟು ಸಲೀಸಾಗಿ ‘ಸಾಧಿಸಬಹುದು’ ನೋಡಿ. `F(x, y)` ಅಂದರೆ x ಅನ್ನುವ ಬೀಗವನ್ನು y ಅನ್ನುವ ಕೀ ತೆರೆಯುತ್ತದೆ. ಮೊದಲ ಜಾಗದಲ್ಲಿ ಬೀಗ, ಎರಡನೆಯದರಲ್ಲಿ ಕೀ ಮಾತ್ರ ಅಂತ ಇಟ್ಟುಕೊಳ್ಳೋಣ.

```
1. ∀x ∃y F(x, y)    ಆಧಾರ
2. ∃y F(c, y)       1, UI  (c ‘ಯಾವುದೇ ಆಗಲಿ’)
3. F(c, k)          2, EI  (k ಹೊಸದು, ‘ಯಾವುದೋ’)
4. ∀x F(x, k)       3, UG  ← ತಪ್ಪು
5. ∃y ∀x F(x, y)    4, EG
```

`k` ಹೊಸ ಹೆಸರೇ, 3ರಲ್ಲಿ ದೋಷವಿಲ್ಲ. `c` ಕೂಡ ಯಾವ ಆಧಾರದಲ್ಲೂ ಇಲ್ಲದ, ಯಾವುದೇ ಆಗಬಹುದಾದ ಬೀಗ. ಹಾಗಿದ್ದರೂ 4ನೇ ಸಾಲು ಬಿತ್ತು. ಯಾಕೆಂದರೆ 3ನೇ ಸಾಲಿನ `k` ಅನ್ನು ಹುಡುಕಿದ್ದೇ `c` ಮುಖ ನೋಡಿ. ಬೇರೆ ಬೀಗ ಕೊಟ್ಟಿದ್ದರೆ ಬೇರೆ ಕೀ ಸಿಗುತ್ತಿತ್ತು. `k` ಹಾಳೆಯಲ್ಲಿ ಇರುವಷ್ಟು ಹೊತ್ತು `c` ‘ಯಾವುದೇ ಆಗಲಿ’ ಆಗಿ ಉಳಿಯಲ್ಲ. ‘k ತೆರೆಯುವ ಆ ಬೀಗ’ ಆಗಿರುತ್ತದೆ.

ಇದನ್ನು ನಿಯಮವಾಗಿ ಹೇಳುವ ಚೊಕ್ಕ ದಾರಿ ಗೆರ್ಹಾರ್ಡ್ ಗೆಂಟ್ಸೆನ್ ಎಂಬ ಜರ್ಮನ್ ಗಣಿತಜ್ಞನದು. 1935ರಲ್ಲಿ ಅಚ್ಚಾದ ಅವನ ಲೇಖನದಲ್ಲಿ ‘ಯಾರೋ’ಗೆ ಹೆಸರಿಡುವುದೂ ಒಂದು ತಾತ್ಕಾಲಿಕ ಊಹೆಯೇ. ‘ಆ ಕೀ k ಅಂತ ಇಟ್ಟುಕೊಳ್ಳೋಣ’ ಅಂತ ಒಂದು ಪೆಟ್ಟಿಗೆ ತೆರೆಯುತ್ತೇವೆ. `k` ಹೆಸರೇ ಇಲ್ಲದ ಒಂದು ಸಾಲು ಸಿಕ್ಕಾಗ ಮಾತ್ರ ಪೆಟ್ಟಿಗೆ ಮುಚ್ಚಿ ಆ ಸಾಲನ್ನು ಹೊರಗೆ ತರಬಹುದು. ಯುಜಿಗೆ ಷರತ್ತು ಒಂದೇ: ಯಾವ ಹೆಸರಿನಿಂದ ಹತ್ತುತ್ತೀರೋ ಆ ಹೆಸರು ಆಧಾರದಲ್ಲೂ ಇರಬಾರದು, ಇನ್ನೂ ಮುಚ್ಚದ ಯಾವ ಊಹೆಯಲ್ಲೂ ಇರಬಾರದು. ಮೇಲಿನ ಸಾಧನೆಯಲ್ಲಿ 4ನೇ ಸಾಲಿಗೆ ಹೋಗುವಾಗ `F(c, k)` ಎಂಬ ಊಹೆ ತೆರೆದೇ ಇದೆ, ಅದರಲ್ಲಿ `c` ಕೂತಿದೆ. ಅದಕ್ಕೇ ತಡೆ.

ತಿರುಗಿಸಿ ನೋಡಿ. ಎಲ್ಲ ಬೀಗಕ್ಕೂ ಆಗುವ ಒಂದು ಕೀ ಇದೆ, ಆದ್ದರಿಂದ ಪ್ರತಿ ಬೀಗಕ್ಕೂ ಒಂದು ಕೀ ಇದೆ. ಇದು ಸರಿ. ಮೊದಲು ಇಐ ಮಾಡಿದರೆ `∀x F(x, k)` ಸಿಗುತ್ತದೆ. ಇಲ್ಲಿ `c` ಇನ್ನೂ ಹುಟ್ಟಿಯೇ ಇಲ್ಲ. ಆಮೇಲೆ ಯುಐಯಿಂದ `F(c, k)`, ಇಜಿಯಿಂದ `∃y F(c, y)`. `k` ಮರೆಯಾಯಿತು, ಪೆಟ್ಟಿಗೆ ಮುಚ್ಚಿತು. ಇನ್ನು `c` ಯಾರಿಗೂ ಅಂಟಿಕೊಂಡಿಲ್ಲ, ಯುಜಿ ಹಾಕಿ ಹತ್ತಬಹುದು. ಎರಡು ಸಾಧನೆಯಲ್ಲೂ `F(c, k)` ಅನ್ನುವ ಅದೇ ಸಾಲು ಬಂತು. ಯಾವ ಹೆಸರು ಮೊದಲು ಹುಟ್ಟಿತು ಅನ್ನೋದರಿಂದ ಒಂದು ನಿಂತಿತು, ಒಂದು ಬಿತ್ತು.

ಈ ನಾಲ್ಕೂ ನಿಯಮ ಒಟ್ಟಿಗೆ ದುಡಿಯುವುದನ್ನು ನೋಡಬೇಕಾದರೆ ಆಗಸ್ಟಸ್ ಡಿ ಮಾರ್ಗನ್ ಹೆಸರಿನಲ್ಲಿ ಓಡಾಡುವ ಒಂದು ಹಳೇ ವಾದಕ್ಕೆ ಬರಬೇಕು. 1806ರಲ್ಲಿ ನಮ್ಮ ಮಧುರೈಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪಾಠ ಮಾಡಿದ ಗಣಿತಜ್ಞ ಅವನು. ವಾದ ಇಷ್ಟೇ: ಕುದುರೆಗಳೆಲ್ಲ ಪ್ರಾಣಿಗಳು. ಆದ್ದರಿಂದ ಕುದುರೆಯ ತಲೆಗಳೆಲ್ಲ ಪ್ರಾಣಿಯ ತಲೆಗಳು. ಮಗುವಿಗೂ ಸರಿ ಅನ್ನಿಸುತ್ತದೆ. ಆದರೆ ಅರಿಸ್ಟಾಟಲ್ ಕಾಲದಿಂದ ಬಂದ ತರ್ಕಕ್ಕೆ ಇದನ್ನು ಸಾಧಿಸಿ ತೋರಿಸಲು ಆಗಲಿಲ್ಲ. ಆ ತರ್ಕಕ್ಕೆ ಗೊತ್ತಿದ್ದದ್ದು ‘ಕುದುರೆ’, ‘ಪ್ರಾಣಿ’ ಎಂಬಂಥ ಗುಂಪುಗಳು ಮಾತ್ರ. ‘ಇದರ ತಲೆ’ ಅಂತ ಎರಡು ವಸ್ತುಗಳ ನಡುವಿನ ಸಂಬಂಧ ಹಿಡಿಯುವ ಕೈ ಅದಕ್ಕಿರಲಿಲ್ಲ. 1879ರಲ್ಲಿ ಜರ್ಮನ್ ಗಣಿತಜ್ಞ ಗಾಟ್ಲೋಬ್ ಫ್ರೇಗ ಬರೆದ ಪುಟ್ಟ ಪುಸ್ತಕದಲ್ಲಿ ‘ಎಲ್ಲ’ ಅನ್ನುವುದನ್ನು ಒಂದರೊಳಗೆ ಒಂದು ಇಡಬಹುದಾದ ಚಿಹ್ನೆ ಬಂದ ಮೇಲೆ ದಾರಿ ತೆರೆಯಿತು.

ಕುದುರೆಗೆ `H`, ಪ್ರಾಣಿಗೆ `A` ಇರಲಿ. `T(y, x)` ಅಂದರೆ y ಎಂಬುದು x ನ ತಲೆ. ಸಾಧಿಸಬೇಕಾದ್ದು: ಯಾವುದೇ ವಸ್ತು ತಗೊಳ್ಳಿ, ಅದು ಯಾವುದೋ ಕುದುರೆಯ ತಲೆಯಾಗಿದ್ದರೆ ಯಾವುದೋ ಪ್ರಾಣಿಯ ತಲೆಯೂ ಆಗಿರುತ್ತದೆ. ಅರ್ಥಾತ್ ಒಂದೇ ವಾಕ್ಯದಲ್ಲಿ ‘ಯಾವುದೇ’ ಕೂಡ ಇದೆ, ‘ಯಾವುದೋ’ ಕೂಡ ಇದೆ.

```
1. ∀x (H(x) → A(x))              ಆಧಾರ
2.   ∃x (H(x) ∧ T(c, x))         ಊಹೆ  (c ‘ಯಾವುದೇ ಆಗಲಿ’)
3.     H(d) ∧ T(c, d)            2, EI  (d ‘ಯಾವುದೋ’)
4.     H(d) → A(d)               1, UI
5.     A(d)                      3, 4
6.     A(d) ∧ T(c, d)            3, 5
7.   ∃x (A(x) ∧ T(c, x))         6, EG  (d ಮುಗಿಯಿತು)
8. ∃x (H(x) ∧ T(c, x)) → ∃x (A(x) ∧ T(c, x))
                                 2–7
9. ∀y (∃x (H(x) ∧ T(y, x)) → ∃x (A(x) ∧ T(y, x)))
                                 8, UG
```

ಬಾಯಲ್ಲಿ ಹೇಳಿದರೆ ಹೀಗೆ. ಯಾವುದೋ ಒಂದು ವಸ್ತು `c` ತಗೊಳ್ಳಿ, ನಿಮ್ಮಿಷ್ಟ. ಅದು ಕುದುರೆಯ ತಲೆ ಅಂತ ಊಹಿಸಿ. ಹಾಗಾದರೆ ಅದಕ್ಕೆ ಯಜಮಾನ ಕುದುರೆ ಒಂದಿರಬೇಕಲ್ಲ, ಅದಕ್ಕೆ `d` ಅನ್ನೋಣ. ಕುದುರೆಗಳೆಲ್ಲ ಪ್ರಾಣಿಗಳಾದ್ದರಿಂದ `d` ಪ್ರಾಣಿ. `c` ಅದರದೇ ತಲೆ. ಅಂದಮೇಲೆ `c` ಒಂದು ಪ್ರಾಣಿಯ ತಲೆ.

ಇಲ್ಲಿ ‘ಯಾವುದೋ ಒಂದು ತಗೊಳ್ಳಿ’ ಅಂದೆ ನೋಡಿ, ಮಾತಿನಲ್ಲಿ ನಾನೂ ಜಾರಿದೆ. ಆಗಬೇಕಿದ್ದದ್ದು ‘ಯಾವುದನ್ನೇ ಆಗಲಿ’. ಆಡುಮಾತು ಇಂಥದ್ದನ್ನು ಕ್ಷಮಿಸುತ್ತದೆ. ಹಾಳೆ ಕ್ಷಮಿಸಲ್ಲ.

7, 8, 9ರ ಹತ್ತಿರ ಸ್ವಲ್ಪ ನಿಲ್ಲಬೇಕು. 7ನೇ ಸಾಲಿಗೆ ಬಂದಾಗ ಕೈಯಲ್ಲಿರುವುದು ‘c ಒಂದು ಪ್ರಾಣಿಯ ತಲೆ’. `d` ಎಲ್ಲೂ ಕಾಣುತ್ತಿಲ್ಲ. `c` ನಾವು ಆರಿಸಿದ್ದಲ್ಲ, ಯಾವುದೇ ಆಗಬಹುದು. ಹಾಗಾದರೆ ಇಲ್ಲೇ ಯುಜಿ ಹಾಕಿದರೆ? ‘ಪ್ರತಿಯೊಂದು ವಸ್ತುವೂ ಯಾವುದೋ ಪ್ರಾಣಿಯ ತಲೆ’ ಅಂತ ಬರುತ್ತದೆ. ಈ ಮೇಜು, ಆ ಚೊಂಬು, ನಿಮ್ಮ ಚಪ್ಪಲಿ, ಎಲ್ಲ ತಲೆಗಳೇ! ಹುಡುಗಿ ಇದನ್ನು ಓದಿ ಜೋರಾಗಿ ನಕ್ಕಳು. ನಗು ಬಂದಿದ್ದು ಒಳ್ಳೆಯದಾಯಿತು, ತಪ್ಪು ಎಲ್ಲಿದೆ ಅಂತ ಅವಳೇ ಹುಡುಕಿದಳು. 2ನೇ ಸಾಲಿನ ಊಹೆ ಇನ್ನೂ ತೆರೆದಿದೆ, ಅದರಲ್ಲಿ `c` ಇದೆ. ಆ ಊಹೆಯೊಳಗೆ `c` ಯಾವುದೇ ವಸ್ತುವಲ್ಲ, ಕುದುರೆಯ ತಲೆ ಎಂದು ಮೊದಲೇ ಒಪ್ಪಿಕೊಂಡ ವಸ್ತು.

8ನೇ ಸಾಲು ಆ ಊಹೆಯನ್ನು ‘ಆಗಿದ್ದರೆ’ ಅನ್ನುವ ಮಾತಿನೊಳಗೆ ಕಟ್ಟಿಹಾಕುತ್ತದೆ. ‘c ಕುದುರೆಯ ತಲೆ ಆಗಿದ್ದರೆ ಪ್ರಾಣಿಯ ತಲೆ.’ ಇದು ಮೇಜಿಗೂ ನಿಜ, ಚೊಂಬಿಗೂ ನಿಜ. ಅವು ಕುದುರೆಯ ತಲೆ ಅಲ್ಲವಲ್ಲ, ಮಾತು ಮುರಿಯುವ ಸಂದರ್ಭವೇ ಬರಲ್ಲ. ಈಗ ತೆರೆದ ಊಹೆ ಯಾವುದೂ ಇಲ್ಲ. ಆಧಾರದಲ್ಲಿ `c` ಇಲ್ಲ. ಈಗ ಮಾತ್ರ ಯುಜಿ.

ಹಾಗಾಗಿ ಯಾರದ್ದಾದರೂ ಸಾಧನೆ ತಿದ್ದುವಾಗ ನಾನು ಮೇಲಿನಿಂದ ಕೆಳಗೆ ಓದಲ್ಲ. ಮೊದಲು ಇಐ ಇರುವ ಸಾಲುಗಳಿಗೆ ಹೋಗುತ್ತೇನೆ, ಆ ಹೆಸರು ಅದಕ್ಕೂ ಮೇಲೆ ಎಲ್ಲಾದರೂ ಇದೆಯಾ ನೋಡುತ್ತೇನೆ. ಆಮೇಲೆ ಯುಜಿ ಇರುವ ಸಾಲಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಆ ಹೆಸರು ಯಾವ ಯಾವ ಆಧಾರದಲ್ಲಿ, ಊಹೆಯಲ್ಲಿ ಇದೆ, ಆ ಊಹೆ ಮುಚ್ಚಿದ್ದಾ ತೆರೆದದ್ದಾ ನೋಡುತ್ತೇನೆ. ಇವೆರಡು ಸರಿ ಇದ್ದರೆ ಉಳಿದದ್ದು ಬಹಳ ಮಟ್ಟಿಗೆ ಕೂಡಿಸು-ಕಳೆ ಲೆಕ್ಕ.

ಈ ನಿಯಮಗಳಿಗೂ ಒಂದು ಮಿತಿ ಇದೆ, ಅದನ್ನು ಕ್ಲಾಸಿನಲ್ಲಿ ಒತ್ತಿ ಹೇಳುವುದು ಕಡಿಮೆ. ಸಾಧನೆ ಸಿಕ್ಕರೆ ವಾದ ಸರಿ. ಸಿಗದಿದ್ದರೆ? ವಾದ ತಪ್ಪು ಅಂತಲ್ಲ. ನನಗೆ ಹೊಳೆಯಲಿಲ್ಲ ಅಂತಲೂ ಇರಬಹುದು. ತಪ್ಪು ಅನ್ನಬೇಕಾದರೆ ರಾಜಣ್ಣ, ಶಾಂತಕ್ಕನಂಥ ಒಂದು ಲೋಕ ಕಟ್ಟಿ ತೋರಿಸಲೇಬೇಕು. ಯಾವುದೇ ವಾದ ಕೊಟ್ಟರೂ ಸರಿಯೋ ತಪ್ಪೋ ಅಂತ ಖಚಿತವಾಗಿ ಹೇಳಿ ಮುಗಿಸುವ ಯಾಂತ್ರಿಕ ವಿಧಾನ ಇರಲು ಸಾಧ್ಯವೇ ಇಲ್ಲ ಅಂತ 1936ರಲ್ಲಿ ಗಣಿತಜ್ಞರಾದ ಅಲೊಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ ಬೇರೆ ಬೇರೆಯಾಗಿ ತೋರಿಸಿದರು. ತಲೆ-ಕುದುರೆ, ಬೀಗ-ಕೀ ಥರ ಎರಡು ವಸ್ತುಗಳ ಸಂಬಂಧ ಬಂದರೆ ಈ ತೊಡಕು ಬರುತ್ತದೆ.

ಆದರೆ ಬಾಡಿಗೆದಾರ, ಸದಸ್ಯ, ನಾಯಿ ಸಾಕಿದವ ಹೀಗೆ ಒಬ್ಬೊಬ್ಬರ ಗುಣ ಹೇಳುವ ಮಾತುಗಳಷ್ಟೇ ಇರುವ ವಾದಕ್ಕೆ ಆ ಭಯವಿಲ್ಲ. ಒಬ್ಬ ವ್ಯಕ್ತಿಗೆ ಪ್ರತಿ ಗುಣವೂ ಇದೆ ಅಥವಾ ಇಲ್ಲ. ಮೂರು ಗುಣಗಳಿದ್ದರೆ ಒಟ್ಟು 2×2×2, ಅಂದರೆ 8 ಬಗೆಯ ಜನ. ಅದೇ ಬಗೆಯ ಇನ್ನೊಬ್ಬನನ್ನು ಸೇರಿಸಿದರೆ ವಾದಕ್ಕೆ ಏನೂ ವ್ಯತ್ಯಾಸವಾಗಲ್ಲ. ಆದ್ದರಿಂದ ವಾದ ತಪ್ಪಾಗಿದ್ದರೆ ಅದನ್ನು ಬೀಳಿಸುವ ಲೋಕ ಹೆಚ್ಚೆಂದರೆ 8 ಜನರೊಳಗೆ ಸಿಕ್ಕೇ ಸಿಗುತ್ತದೆ. ಅಷ್ಟನ್ನೂ ಹುಡುಕಿ ಸಿಗಲಿಲ್ಲ ಅಂದರೆ ವಾದ ಸರಿ ಅಂತ ನಿಶ್ಚಿಂತೆಯಿಂದ ಸಾಧನೆಗೆ ಕೂರಬಹುದು.

ಹುಡುಗಿ ಟೆಸ್ಟ್ ಪೇಪರಿನ ಹಿಂದೆ ಉತ್ತರ ಮತ್ತೆ ಬರೆದಳು. ಈ ಸಲ ಇಐ ಇಲ್ಲ, ಇಜಿ ಇಲ್ಲ. ಎರಡು ಹೆಸರು, ಮೂರು ಕಾಲಂ, ಆರು ಟಿಕ್ಕು-ಇಂಟು. ಅಷ್ಟಕ್ಕೇ ಮುಗಿಯಿತು.